ಮುಸುರೆ ಬಿಸಿ ಮಾಡಿದರೆ ಸಾಲದಾ, ಒಂದು ಗಂಟೆ ಕುದಿಸಲೇಬೇಕಾ?

ಪ್ರಶ್ನೆ: ನಮ್ಮದು ದಕ್ಷಿಣ ಕೊಡಗು, ಕುಟ್ಟದ ಹತ್ತಿರ. 25 ಹಂದಿ ಸಾಕಿದ್ದೇನೆ. ಎರಡು ಹೋಟೆಲು, ಮೂರು ಹೋಂಸ್ಟೇಗಳಿಂದ ದಿನಕ್ಕೆ ಸುಮಾರು 150 ಲೀಟರ್ ಮುಸುರೆ ಬರುತ್ತದೆ. ಸ್ವಲ್ಪ ಬಿಸಿ ಮಾಡಿ ಹಾಕುತ್ತೇನೆ. ನಮ್ಮ ಡಾಕ್ಟರು ಒಂದು ಗಂಟೆ ಕುದಿಸಿ, ಹೊರಗಿನವರನ್ನು ಶೆಡ್ಡಿನೊಳಗೆ ಬಿಡಬೇಡಿ ಅಂತಾರೆ. ಅಷ್ಟು ಸೌದೆ ಎಲ್ಲಿಂದ ತರಲಿ? ಹಂದಿ ಜ್ವರದ ಲಸಿಕೆ ಬೇರೆ ಹಾಕಿಸಿದ್ದೇನೆ. ವ್ಯಾಪಾರಿಯನ್ನು ಒಳಗೆ ಬಿಡದೆ ಹಂದಿ ಮಾರುವುದು ಹೇಗೆ?

ಉತ್ತರ: ಮೊದಲು ಲಸಿಕೆಯ ವಿಷಯ ಮುಗಿಸೋಣ. ನೀವು ಹಾಕಿಸಿರುವುದು ಹಳೆಯ ಹಂದಿ ಜ್ವರದ ಲಸಿಕೆ, ಅಂದರೆ ಕ್ಲಾಸಿಕಲ್ ಸ್ವೈನ್ ಫೀವರ್‌ದು. ಅದನ್ನು ಹಾಕಿಸುತ್ತಲೇ ಇರಿ. ಆದರೆ ನಿಮ್ಮ ಡಾಕ್ಟರು ಹೆದರುತ್ತಿರುವುದು ಆಫ್ರಿಕನ್ ಹಂದಿ ಜ್ವರಕ್ಕೆ, ಅದು ಬೇರೆಯೇ ವೈರಸ್ಸಿನಿಂದ ಬರುವ ಕಾಯಿಲೆ. ಹೆಸರು, ಲಕ್ಷಣ ಎರಡೂ ಒಂದೇ ಥರ ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಒಂದರ ಲಸಿಕೆ ಇನ್ನೊಂದಕ್ಕೆ ಚೂರೂ ಕೆಲಸ ಮಾಡುವುದಿಲ್ಲ. ಆಫ್ರಿಕನ್ ಜ್ವರಕ್ಕೆ ನಮ್ಮ ರೈತರ ಕೈಗೆ ಸಿಗುವ ಲಸಿಕೆ ಇಲ್ಲ, ಔಷಧಿಯೂ ಇಲ್ಲ. ಬಂದರೆ ಹೆಚ್ಚುಕಡಿಮೆ ಶೆಡ್ಡು ಖಾಲಿ. ಮನುಷ್ಯರಿಗೆ ಇದು ಅಂಟುವುದಿಲ್ಲ, ಅದೊಂದು ಸಮಾಧಾನ. ಆದರೆ ಮನುಷ್ಯರೇ ಇದನ್ನು ಊರಿಂದ ಊರಿಗೆ ಹೊತ್ತು ತರುತ್ತಾರೆ.

ನಿಮ್ಮ ಜಾಗ ನೋಡಿದರೆ ನಿಮ್ಮ ಡಾಕ್ಟರು ಸುಮ್ನೆ ಹೆದರಿಸುತ್ತಿಲ್ಲ ಅಂತ ಗೊತ್ತಾಗುತ್ತದೆ. ಭಾರತದಲ್ಲಿ ಈ ರೋಗ ಮೊದಲು ಪತ್ತೆಯಾದದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲ ಪ್ರದೇಶದಲ್ಲಿ. 2022ರ ಜುಲೈನಲ್ಲಿ ಅದು ವಯನಾಡಿನ ಮಾನಂದವಾಡಿ ಭಾಗಕ್ಕೆ ಬಂತು. ಕುಟ್ಟದಿಂದ ತೋಲ್ಪೆಟ್ಟಿ ದಾಟಿದರೆ ಮಾನಂದವಾಡಿಯೇ ಅಲ್ವಾ? ಮರುವರ್ಷ ಜನವರಿಯಲ್ಲಿ ಮುದುಮಲೈ ಕಾಡಿನಲ್ಲಿ ಸತ್ತ ಕಾಡುಹಂದಿಗಳಲ್ಲೂ ಇದೇ ವೈರಸ್ ಸಿಕ್ಕಿತು. ನಡುವೆ ಎಷ್ಟು ಕಿಲೋಮೀಟರ್ ಇದೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಈ ವೈರಸ್ ಗಾಳಿಯಲ್ಲಿ ಹಾರಿ ಊರು ದಾಟುವುದಿಲ್ಲ. ಮಾಂಸ, ರಕ್ತ, ಜೀವಂತ ಹಂದಿ, ವಾಹನ, ಹಗ್ಗ, ಬೂಟು, ಇವುಗಳ ಜೊತೆ ಪ್ರಯಾಣ ಮಾಡುತ್ತದೆ. ಅದರಲ್ಲೂ ಮಾಂಸ ಅದಕ್ಕೆ ತುಂಬಾ ಒಗ್ಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಬೇರೆ ಎಷ್ಟೋ ವೈರಸ್‌ಗಳು ದೇಹದಿಂದ ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಸಾಯುತ್ತವೆ. ಇದು ಹಾಗಲ್ಲ. ಫ್ರಿಜ್ಜಿನಲ್ಲಿಟ್ಟ ಮಾಂಸದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಫ್ರೀಜರಿನಲ್ಲಿ ವರ್ಷ ದಾಟುತ್ತದೆ. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲೂ ತಿಂಗಳುಗಟ್ಟಲೆ ಇರುತ್ತದೆ. ಮೂಳೆಯೊಳಗಿನ ಮಜ್ಜೆಯಲ್ಲಿ, ಹೆಪ್ಪುಗಟ್ಟಿದ ರಕ್ತದಲ್ಲಿ ಇನ್ನೂ ಭದ್ರ. ಹುಳಿ ಹಾಕಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. ಸಾಧಾರಣ ಹುಳಿಗೆ ಅದು ಜಗ್ಗುವುದಿಲ್ಲ, ಹಾಗಾಗಿ ಮುಸುರೆ ಎರಡು ದಿನ ಹುಳಿ ಬಂದರೂ ವೈರಸ್ ಸತ್ತಿತು ಅನ್ನುವ ಭರವಸೆ ಇಲ್ಲ. ಕೊಳೆತು ನಾರುತ್ತಿರುವ ಮಾಂಸವೂ ಅಷ್ಟೇ. ಅದಕ್ಕೆ ನಿಜವಾಗಿ ಆಗದಿರುವುದು ಒಂದೇ, ಬಿಸಿ.

ಹೋಟೆಲಿನವರು ಪಂದಿ ಕರಿ ಚೆನ್ನಾಗಿ ಬೇಯಿಸಿಯೇ ಬಡಿಸುತ್ತಾರೆ, ಮತ್ತೇನು ಭಯ ಅಂತ ನೀವು ಕೇಳಬಹುದು. ತಟ್ಟೆಯಲ್ಲಿ ಉಳಿದ ಕರಿ ನನಗೂ ದೊಡ್ಡ ಚಿಂತೆಯಲ್ಲ. ಚಿಂತೆ ಇರುವುದು ಒಲೆಗೆ ಹೋಗುವ ಮೊದಲೇ ಬೇರೆಯಾಗುವ ಭಾಗದ್ದು. ಅಡುಗೆಮನೆಯ ಹಿಂದೆ ಹತ್ತು ನಿಮಿಷ ನಿಂತು ನೋಡಿ. ಹಂದಿಮಾಂಸ ಹೆಚ್ಚುವಾಗ ಕತ್ತರಿಸಿ ಬಿಸಾಡಿದ ಚರ್ಮ, ಕೊಬ್ಬಿನ ತುಂಡು, ಮೂಳೆ ಎಲ್ಲಿಗೆ ಹೋಗುತ್ತವೆ? ಮಾಂಸ ತೊಳೆದ ಕೆಂಪು ನೀರು ಎಲ್ಲಿಗೆ ಹೋಗುತ್ತದೆ? ಬಹಳ ಕಡೆ ಅನ್ನ ಸಾರು ಸುರಿಯುವ ಅದೇ ಡ್ರಮ್ಮಿಗೆ. ಆ ಒಂದು ಪಾತ್ರೆ ತೊಳೆದ ನೀರು ಡ್ರಮ್ಮಿನ ಅನ್ನಕ್ಕೆಲ್ಲ ಬೆರೆಯುತ್ತದೆ. ಸಸ್ಯಾಹಾರಿ ಹೋಟೆಲಿನ ಮುಸುರೆ ಮಾತ್ರ ತಂದರೆ ಅಪಾಯ ಕಡಿಮೆ ಅನ್ನುವುದು ನಿಜ. ಆದರೆ ಸಂಜೆ ಕೆಲಸದ ಹುಡುಗರು ಹೊರಗಿಂದ ತಂದು ತಿಂದ ಊಟದ ಮೂಳೆ ಆ ಡ್ರಮ್ಮಿಗೆ ಬೀಳಲಿಲ್ಲ ಅಂತ ಯಾರು ಹೇಳುತ್ತಾರೆ? ಹಾಗಾಗಿ ಎಲ್ಲಿಂದ ಬಂದದ್ದಾದರೂ ಕುದಿಸಿ.

ಇನ್ನೊಂದು ಸಂಗತಿ ಮುಸುರೆಯ ವಿಚಾರದಲ್ಲಿ ಮುಖ್ಯ. ಈ ವೈರಸ್ ಒಣ ಆಹಾರದ ಜೊತೆ ಹೊಟ್ಟೆಗೆ ಹೋದರೆ ರೋಗ ಬರಲು ಸಾಕಷ್ಟು ದೊಡ್ಡ ಪ್ರಮಾಣ ಬೇಕು. ನೀರಿನ ಹಾಗೆ ಇರುವ ಆಹಾರದಲ್ಲಿ ಬೆರೆತಿದ್ದರೆ ತೀರಾ ಸ್ವಲ್ಪವೇ ಸಾಕು. ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಮುಸುರೆ ನೀರುನೀರಾಗಿಯೇ ಇರುತ್ತದೆ, ಅದನ್ನು ದಿನಾ ಹಾಕುತ್ತೀರಿ. ಒಂದು ದಿನದ ಅಪಾಯ ಸಣ್ಣದಿದ್ದರೂ ವರ್ಷಪೂರ್ತಿ ದಿನಾ ಹಾಕಿದರೆ ಅದು ಸಣ್ಣದಾಗಿ ಉಳಿಯುವುದಿಲ್ಲ. ‘ಹತ್ತು ವರ್ಷದಿಂದ ಹೀಗೇ ಹಾಕುತ್ತಿದ್ದೇನೆ, ಏನೂ ಆಗಿಲ್ಲ’ ಅನ್ನುವ ಮಾತು ನನಗೆ ಆಗಾಗ ಕೇಳಿಬರುತ್ತದೆ. ಆ ಹತ್ತು ವರ್ಷದಲ್ಲಿ ಹೆಚ್ಚಿನ ಕಾಲ ವೈರಸ್ ಈ ಕಡೆಗೇ ಬಂದಿರಲಿಲ್ಲ.

ಹೊರದೇಶದಲ್ಲಿ ಇದು ನಡೆದುಹೋಗಿದೆ. ಆಫ್ರಿಕಾ ಬಿಟ್ಟು ಹೊರಗೆ ಈ ರೋಗ ಮೊದಲು ಕಾಣಿಸಿದ್ದು 1957ರಲ್ಲಿ, ಪೋರ್ಚುಗಲ್‌ನ ಲಿಸ್ಬನ್ ಪಕ್ಕದಲ್ಲಿ. ಅಲ್ಲಿಗೆ ಯಾರೂ ಹಂದಿ ತಂದಿರಲಿಲ್ಲ. ವಿಮಾನದಲ್ಲಿ ಉಳಿದ ಊಟವನ್ನು ವಿಮಾನ ನಿಲ್ದಾಣದ ಹತ್ತಿರದ ಹಂದಿಗಳಿಗೆ ಹಾಕಿದ್ದರು. ಆ ಸಲ ಹೇಗೋ ಅಡಗಿತು, 1960ರಲ್ಲಿ ಮತ್ತೆ ಬಂದು ಸ್ಪೇನಿಗೂ ಹರಡಿತು. ಸ್ಪೇನ್ ಅದನ್ನು ಪೂರ್ತಿ ಕಿತ್ತುಹಾಕುವಷ್ಟರಲ್ಲಿ 1995 ಆಗಿತ್ತು. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂದದ್ದೂ ಹಡಗಿನ ಮುಸುರೆಯಿಂದಲೇ ಇರಬೇಕು ಅಂತ ತಜ್ಞರು ಹೇಳುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬಿಸಿ ಮಾಡುವುದಕ್ಕೂ ಕುದಿಸುವುದಕ್ಕೂ ಏನು ವ್ಯತ್ಯಾಸ?

ಲ್ಯಾಬಿನಲ್ಲಿ, ತೆಳು ದ್ರವದಲ್ಲಿ ಈ ವೈರಸ್ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷಕ್ಕೆ ಸಾಯುತ್ತದೆ. ಈ ಲೆಕ್ಕ ಕೇಳಿ, ಕೈ ಸುಡುವಷ್ಟು ಬಿಸಿ ಆದರೆ ಸಾಕು ಅಂದುಕೊಳ್ಳುವವರಿದ್ದಾರೆ. ನಿಮ್ಮ ಹಂಡೆಯಲ್ಲಿರುವುದು ತೆಳು ದ್ರವ ಅಲ್ಲ. ಅನ್ನದ ಮುದ್ದೆ, ಚಪಾತಿ ಚೂರು, ಕೊಬ್ಬು, ಅಂಗೈಯಗಲದ ಮಾಂಸದ ತುಂಡು, ಮೂಳೆ ಎಲ್ಲ ಇರುತ್ತದೆ. ಮಂದ ಮುಸುರೆಯಲ್ಲಿ ನೀರು ಮೇಲೆ ಕೆಳಗೆ ಓಡಾಡುವುದಿಲ್ಲ. ತಳ ಸೀದು ವಾಸನೆ ಬರುತ್ತಿರುತ್ತದೆ, ನಡುವೆ ಕೈಯಿಟ್ಟರೆ ಬೆಚ್ಚಗಷ್ಟೇ ಇರುತ್ತದೆ. ಹಂಡೆಯ ಅಂಚಿನಲ್ಲಿ ಗುಳ್ಳೆ ಬಂತು ಅಂದರೆ ಕುದಿಯಿತು ಅಂತ ಅರ್ಥವಲ್ಲ. ಮಾಂಸದ ತುಂಡಿನ ಒಳಗೆ, ಮೂಳೆಯ ಒಳಗೆ ಬಿಸಿ ಹೋಗಲು ಇನ್ನೂ ಹೊತ್ತು ಬೇಕು. ಅದಕ್ಕಾಗಿಯೇ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮುಸುರೆಗೆ ಇಟ್ಟಿರುವ ಅಳತೆ 90 ಡಿಗ್ರಿ, ಕನಿಷ್ಠ 60 ನಿಮಿಷ, ಬಿಡದೆ ಕಲಕುತ್ತಾ. ಕಲಕುವುದನ್ನು ಬಿಟ್ಟರೆ ಉಳಿದ ಎರಡು ಅಂಕಿಗೂ ಬೆಲೆ ಇಲ್ಲ.

ನಿಮ್ಮ 150 ಲೀಟರನ್ನೇ ತೆಗೆದುಕೊಳ್ಳೋಣ. 200 ಲೀಟರಿನ ಹಂಡೆ ಬೇಕು, ಪೂರ್ತಿ ತುಂಬಿದರೆ ಕಲಕಲು ಆಗುವುದಿಲ್ಲ. ಸುರಿಯುವ ಮೊದಲೇ ಪ್ಲಾಸ್ಟಿಕ್, ಹಲ್ಲುಕಡ್ಡಿ, ದೊಡ್ಡ ಮೂಳೆ ಆರಿಸಿ ತೆಗೆಯಿರಿ. ತೆಗೆದ ಮೂಳೆಯನ್ನು ತಿಪ್ಪೆಗೆ ಎಸೆಯಬೇಡಿ, ನಾಯಿ ನೇರವಾಗಿ ಶೆಡ್ಡಿಗೇ ತರುತ್ತದೆ. ಒಲೆಗೆ ಹಾಕಿ ಸುಟ್ಟುಬಿಡಿ. ದಪ್ಪ ಮಾಂಸ ಇದ್ದರೆ ಕೊಚ್ಚಿ ಸಣ್ಣ ಮಾಡಿ. ಮುಸುರೆ ಗಟ್ಟಿ ಇದ್ದರೆ ನೀರು ಸೇರಿಸಿ, ಮರದ ಹುಟ್ಟು ಸಲೀಸಾಗಿ ತಳ ಮುಟ್ಟುವಷ್ಟು ಸಡಿಲ ಇರಬೇಕು. ಬೆಂಕಿ ಹಚ್ಚಿದ ಹೊತ್ತಿನಿಂದ ಗಂಟೆ ಎಣಿಸಬೇಡಿ. ಹಂಡೆಯ ನಡುಮಧ್ಯೆ ಗುಳ್ಳೆ ಒಡೆದು ಇಡೀ ಮುಸುರೆ ತಿರುಗಿ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ. ಅಲ್ಲಿಂದ ಒಂದು ಗಂಟೆ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ತಂದು ನಡುವಿಗೆ ಇಳಿಸಿ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ನಿಮ್ಮ ಎತ್ತರದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97ಕ್ಕೇ ಕುದಿಯುತ್ತದೆ. ಅದರಿಂದ ತೊಂದರೆಯಿಲ್ಲ, ನಮಗೆ ಬೇಕಾದದ್ದು 90. ಆದರೆ 97ರಿಂದ 90ಕ್ಕಿಂತ ಕೆಳಗೆ ಇಳಿಯಲು ಬೆಂಕಿ ಸ್ವಲ್ಪ ಹೊತ್ತು ತಣ್ಣಗಾದರೆ ಸಾಕು. ಅರ್ಧದಲ್ಲಿ ಸೌದೆ ಮುಗಿದು ಕುದಿ ನಿಂತರೆ ಮತ್ತೆ ಸೊನ್ನೆಯಿಂದ ಎಣಿಸಿ.

ಸೌದೆಯ ಲೆಕ್ಕ ನಿಮಗೆ ಭಾರ ಅನ್ನಿಸುತ್ತಿದೆ, ಅದು ನ್ಯಾಯವೇ. ಮೂರು ಕಲ್ಲಿಟ್ಟ ಬಯಲು ಒಲೆಯಲ್ಲಿ 150 ಲೀಟರ್ ಕುದಿ ಬರಲು 20 ಕೆಜಿಯಷ್ಟು ಒಣ ಸೌದೆ ಹೋಗುತ್ತದೆ, ಆಮೇಲಿನ ಒಂದು ಗಂಟೆಗೆ ಇನ್ನೊಂದಿಷ್ಟು. ಇಲ್ಲಿ ಉಳಿತಾಯ ಮಾಡಬೇಕಾದದ್ದು ಕುದಿಸುವ ಹೊತ್ತಿನಲ್ಲಲ್ಲ, ಒಲೆಯಲ್ಲಿ. ಹಂಡೆಯ ಸುತ್ತ ಮಣ್ಣು ಅಥವಾ ಇಟ್ಟಿಗೆ ಕಟ್ಟಿ, ಮುಂದೆ ಸೌದೆ ಹಾಕಲು ಬಾಯಿ, ಹಿಂದೆ ಹೊಗೆ ಕೊಳವೆ ಬಿಟ್ಟರೆ ಸೌದೆ ಎಷ್ಟೋ ಕಡಿಮೆಯಾಗುತ್ತದೆ. ಕುದಿ ಬರುವ ತನಕ ಹಂಡೆಗೆ ಮುಚ್ಚಳ ಇರಲಿ, ಕಲಕುವಾಗ ಮಾತ್ರ ತೆಗೆಯಿರಿ. ಕಾಫಿ ತೋಟ ಇದ್ದರೆ ಗಿಡ ಸವರಿದ ಕಡ್ಡಿ, ನೆರಳು ಮರದ ಕೊಂಬೆ ಹೇಗೂ ಸಿಗುತ್ತವೆ. ಹಂದಿ ಸಗಣಿಯಿಂದ ಗೋಬರ್ ಗ್ಯಾಸ್ ಮಾಡಿಕೊಂಡು ಅದರಲ್ಲೇ ಕುದಿಸುವವರೂ ಇದ್ದಾರೆ. ದಿನಕ್ಕೆ ಎರಡು ಸಲ ಒಲೆ ಹಚ್ಚಬೇಡಿ. ಬೆಳಗ್ಗೆ ಬಂದದ್ದನ್ನು ಒಂದೇ ಸಲ ಕುದಿಸಿ, ಆರಿಸಿ, ಸಂಜೆ ಅರ್ಧ, ಮರುದಿನ ಬೆಳಗ್ಗೆ ಅರ್ಧ ಹಾಕಿ. ಇಷ್ಟಾದರೂ ಆಗುವುದಿಲ್ಲ ಅನ್ನಿಸಿದರೆ ಮುಸುರೆ ಬಿಟ್ಟು ತೌಡು, ಜೋಳದ ನುಚ್ಚು, ಹಿಂಡಿಗೆ ಹೋಗುವುದೇ ಒಳ್ಳೆಯದು. ಅರ್ಧ ಬೆಂದ ಮುಸುರೆ ಹಾಕಿದರೆ ಸೌದೆಯೂ ದಂಡ, ಅಪಾಯವೂ ಹಾಗೇ ಉಳಿಯುತ್ತದೆ.

ಮಧ್ಯೆ ಒಂದು ಮಾತು. ಹೋಟೆಲ್ ಮುಸುರೆಯಲ್ಲಿ ಉಪ್ಪು ಜಾಸ್ತಿ. ಕುಡಿಯುವ ನೀರು ಸಾಲದಿದ್ದರೆ ಹಂದಿಗಳು ತೂರಾಡಿ, ಫಿಟ್ಸ್ ಬಂದು ಸಾಯುತ್ತವೆ. ಅದು ಬೇರೆ ತೊಂದರೆ, ಜ್ವರ ಅಂತ ಗಾಬರಿಯಾಗಬೇಡಿ. ತೊಟ್ಟಿಯಲ್ಲಿ ಯಾವಾಗಲೂ ನೀರಿರಲಿ.

ಚೆನ್ನಾಗಿ ಕುದಿಸಿದವರ ಶೆಡ್ಡಿಗೂ ರೋಗ ಬರುವುದುಂಟು. ಸಾಮಾನ್ಯವಾಗಿ ತಪ್ಪು ಕುದಿಸಿದ ನಂತರ ನಡೆದಿರುತ್ತದೆ. ಹಸಿ ಮುಸುರೆ ತಂದ ಡ್ರಮ್ಮಿಗೇ ಬೆಂದದ್ದನ್ನು ತುಂಬಿ ಶೆಡ್ಡಿಗೆ ಒಯ್ಯುತ್ತಾರೆ. ಹಸಿ ಮುಸುರೆ ಸುರಿದ ಬಕೆಟ್ಟನ್ನೇ ಹಂಡೆಗೆ ಅದ್ದುತ್ತಾರೆ. ಅಲ್ಲಿಗೆ ಒಂದು ಗಂಟೆಯ ಶ್ರಮ ಹೋಯಿತು. ಹಸಿಯದಕ್ಕೆ ಒಂದು ಬಣ್ಣ, ಬೆಂದದ್ದಕ್ಕೆ ಇನ್ನೊಂದು ಬಣ್ಣ ಬಳಿದು ಡ್ರಮ್ಮು, ಬಕೆಟ್ಟು ಬೇರೆ ಮಾಡಿ. ಒಲೆ ಶೆಡ್ಡಿನ ಬೇಲಿಯ ಹೊರಗೆ ಇರಲಿ. ಹಸಿ ಡ್ರಮ್ಮು ಬೇಲಿ ದಾಟಬಾರದು. ಸುರಿಯುವಾಗ ಚೆಲ್ಲಿದ್ದನ್ನು ತೊಳೆಯಿರಿ, ಇಲ್ಲದಿದ್ದರೆ ಕಾಗೆ, ನಾಯಿ, ನಿಮ್ಮ ಬೂಟು ಮೂರೂ ಅದನ್ನು ಒಳಗೆ ತರುತ್ತವೆ.

ಡ್ರಮ್ಮಿನ ಬಗ್ಗೆ ಇನ್ನೊಂದು ವಿಷಯ ವಿಚಾರಿಸಿ. ನಿಮಗೆ ಮುಸುರೆ ತರುವ ಗಾಡಿಯವರು ಬೇರೆ ಹಂದಿ ಸಾಕಣೆಯವರಿಗೂ ತರುತ್ತಾರಾ? ತುಂಬಿದ ಡ್ರಮ್ಮು ಇಳಿಸಿ ಖಾಲಿ ಡ್ರಮ್ಮು ಎತ್ತಿಕೊಂಡು ಹೋಗುವ ಪದ್ಧತಿ ಇದ್ದರೆ, ಇವತ್ತು ನಿಮ್ಮ ಅಂಗಳಕ್ಕೆ ಬಂದ ಡ್ರಮ್ಮು ನಿನ್ನೆ ಯಾರ ಶೆಡ್ಡಿನೊಳಗಿತ್ತೋ ಗೊತ್ತಿಲ್ಲ. ಹೋಟೆಲಿಗೆ ನಿಮ್ಮದೇ ಡ್ರಮ್ಮು ಕೊಡಿ, ಹೆಸರು ಬರೆದು. ಆಗುವುದಾದರೆ ನೀವೇ ತರಲು ಹೋಗುವುದು ಇನ್ನೂ ಒಳ್ಳೆಯದು. ಆಗ ಹೋಟೆಲಿನವರಿಗೆ ಹಸಿ ಮಾಂಸದ ಚೂರು, ತೊಳೆದ ನೀರು ಬೇರೆ ಹಾಕಿ ಅಂತ ಮುಖಾಮುಖಿ ಹೇಳಬಹುದು.

ಈಗ ಹೊರಗಿನವರ ವಿಷಯ. ಬರುವವರೆಲ್ಲ ಒಂದೇ ಅಪಾಯ ಅಲ್ಲ. ಹೋಂಸ್ಟೇಗೆ ಬೆಂಗಳೂರಿನಿಂದ ಬಂದು ಹಂದಿಮರಿ ಜೊತೆ ಫೋಟೊ ತೆಗೆಯಬೇಕು ಅನ್ನುವವರನ್ನು ಬೇಲಿಯಾಚೆ ನಿಲ್ಲಿಸಿದರೆ ಸಾಕು. ಅವರು ಬಹುಶಃ ಹಂದಿಯನ್ನು ಮುಟ್ಟಿಯೇ ಇರುವುದಿಲ್ಲ. ತಿಂಡಿ ಮಾತ್ರ ಎಸೆಯಲು ಬಿಡಬೇಡಿ. ನಿಜವಾಗಿ ತಡೆಯಬೇಕಾದದ್ದು ಹಂದಿಯಿಂದ ಹಂದಿಗೆ ಓಡಾಡುವವರನ್ನು. ವ್ಯಾಪಾರಿ, ಕಟುಕ, ಬೀಜ ಒಡೆಯುವವನು, ಪಕ್ಕದೂರಿನ ಹಂದಿ ಸಾಕುವ ಗೆಳೆಯ, ತಾಯಿ ಹಂದಿ ಕಟ್ಟಿಸಲು ಎರವಲು ತರುವ ಗಂಡು ಹಂದಿ. ಲಸಿಕೆ ಹಾಕಲು ಬರುವ ನಮ್ಮಂಥ ಡಾಕ್ಟರುಗಳೂ ಈ ಪಟ್ಟಿಯಲ್ಲೇ ಇದ್ದೇವೆ. ನಾವು ಬಂದಾಗ ‘ಸರ್, ಈ ಬೂಟು ಹಾಕಿಕೊಳ್ಳಿ’ ಅಂತ ಹೇಳಲು ಸಂಕೋಚ ಪಡಬೇಡಿ. ಸೂಜಿಯನ್ನೂ ಹಂದಿಗೊಂದು ಬದಲಿಸಲು ಹೇಳಿ, ರಕ್ತದ ಒಂದು ಹನಿಯಲ್ಲೇ ಬೇಕಾದಷ್ಟು ವೈರಸ್ ಇರುತ್ತದೆ.

ವ್ಯಾಪಾರಿಯನ್ನು ಒಳಗೆ ಬಿಡದೆ ಮಾರುವುದು ಕಷ್ಟವೇನಲ್ಲ. ಅವನು ಒಂದು ಬೆಳಗ್ಗೆ ಮೂರು ಶೆಡ್ಡು ಸುತ್ತಿ ಬರುತ್ತಾನೆ. ಅದೇ ಚಪ್ಪಲಿ, ಅದೇ ಹಗ್ಗ, ಅದೇ ತಕ್ಕಡಿ. ಅದರಲ್ಲಿ ಒಂದು ಶೆಡ್ಡಿನವನು ಎರಡು ಹಂದಿ ಸತ್ತವು ಅಂತ ಹೆದರಿ, ಉಳಿದವನ್ನು ಅಗ್ಗಕ್ಕೆ ಮಾರುತ್ತಿರಬಹುದು. ಕಾಯಿಲೆ ಹೀಗೆಯೇ ಬಹಳ ಹರಡುವುದು, ಹೆದರಿ ಮಾರುವ ಹಂದಿಯಿಂದ. ಆ ಮಾಂಸವೇ ಹೋಟೆಲಿಗೂ ಹೋಗುತ್ತದೆ, ಅಲ್ಲಿಂದ ನಿಮ್ಮ ಡ್ರಮ್ಮಿಗೂ. ಆದ್ದರಿಂದ ರಸ್ತೆಯ ಬದಿಗೆ, ಶೆಡ್ಡಿನಿಂದ ಸಾಕಷ್ಟು ದೂರ ಒಂದು ಸಣ್ಣ ಕಟಾಂಜನ ಕಟ್ಟಿ. ಮಾರುವ ಹಂದಿಯನ್ನು ನೀವೇ ಅಲ್ಲಿಗೆ ಹೊಡೆದುಕೊಂಡು ಬನ್ನಿ. ತೂಕ, ವ್ಯವಹಾರ, ಲೋಡಿಂಗ್ ಎಲ್ಲ ಅಲ್ಲೇ. ಮೊದಲೇ ನೋಡಬೇಕು ಅಂದರೆ ಫೋನಿನಲ್ಲಿ ವಿಡಿಯೊ ಕಳಿಸಿ. ಹಗ್ಗ ನಿಮ್ಮದೇ ಇರಲಿ. ಒಂದು ನಿಯಮ ಮಾತ್ರ ಮುರಿಯಬೇಡಿ. ಆ ಕಟಾಂಜನಕ್ಕೆ ಹೋದ ಹಂದಿ, ವ್ಯಾಪಾರ ಕುದುರದಿದ್ದರೂ, ನೇರವಾಗಿ ಶೆಡ್ಡಿಗೆ ವಾಪಸ್ ಬರಬಾರದು. ಬೇರೆ ಕಡೆ 30 ದಿನ ಇಟ್ಟು ನೋಡಿ. ಹೊಸದಾಗಿ ಕೊಂಡ ಮರಿಗೂ ಅದೇ 30 ದಿನ. ಸೋಂಕು ತಗಲಿ ಲಕ್ಷಣ ಕಾಣಲು ಎರಡು ವಾರದವರೆಗೆ, ಕೆಲವೊಮ್ಮೆ ಸ್ವಲ್ಪ ಜಾಸ್ತಿಯೂ ಹಿಡಿಯುತ್ತದೆ.

ಶೆಡ್ಡಿನ ಬಾಗಿಲಲ್ಲಿ ಫಿನಾಯಿಲ್ ನೀರಿನ ತೊಟ್ಟಿ ಇಟ್ಟಿದ್ದೇವೆ ಅಂತ ಬಹಳ ಜನ ಹೇಳುತ್ತಾರೆ. ಹೋಗಿ ನೋಡಿದರೆ ನೀರು ಕೆಸರಾಗಿ, ಒಣಗಿದ ಎಲೆ ತೇಲುತ್ತಿರುತ್ತದೆ. ಸಗಣಿ ಮೆತ್ತಿದ ಬೂಟನ್ನು ಅದರಲ್ಲಿ ಒಂದು ಕ್ಷಣ ಅದ್ದಿ ತೆಗೆದರೆ ವೈರಸ್ಸಿಗೆ ಏನೂ ಆಗುವುದಿಲ್ಲ. ಕೊಳೆ ಇರುವಾಗ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ, ಮಾಡಿದರೂ 30 ನಿಮಿಷ ತಾಗಿರಬೇಕು. ಅದಕ್ಕಿಂತ ಸುಲಭದ ದಾರಿ, ಶೆಡ್ಡಿನೊಳಗೆ ಮಾತ್ರ ಹಾಕುವ ಎರಡು ಜೊತೆ ಗಂಬೂಟು ಇಡುವುದು. ಹೊರಗಿನ ಚಪ್ಪಲಿ ಹೊರಗೆ, ಒಳಗಿನ ಬೂಟು ಒಳಗೆ. ನೀವು ಮತ್ತು ನಿಮ್ಮ ಮನೆಯವರೂ ಸೇರಿ. ತೊಟ್ಟಿ ಇಡುವುದೇ ಆದರೆ ಬೂಟನ್ನು ಬ್ರಷ್ಷಿನಲ್ಲಿ ಉಜ್ಜಿ ತೊಳೆದ ಮೇಲೆ ಅದ್ದಬೇಕು. ಒಂದು ಲೀಟರ್ ನೀರಿಗೆ 15 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು, ದಿನಾ ಹೊಸದಾಗಿ ಕಲಸಿ. ಪೌಡರ್ ಗಾಳಿಯಾಡಿ ವಾಸನೆ ಹೋಗಿದ್ದರೆ ಶಕ್ತಿಯೂ ಹೋಗಿರುತ್ತದೆ.

ಕೊನೆಗೆ, ಅನುಮಾನ ಬಂದರೆ ಏನು ಮಾಡಬೇಕು ಅನ್ನುವುದು. ಈ ಕಾಯಿಲೆ ಒಂದೇ ರಾತ್ರಿಯಲ್ಲಿ ಇಡೀ ಶೆಡ್ಡು ಮಲಗಿಸುತ್ತದೆ ಅಂದುಕೊಂಡು ಜನ ಮೋಸ ಹೋಗುತ್ತಾರೆ. ಶುರುವಿನಲ್ಲಿ ಅದು ನಿಧಾನ. ಒಂದು ಹಂದಿ ಮೇವು ಬಿಡುತ್ತದೆ, ಮೂಲೆಯಲ್ಲಿ ಮಲಗುತ್ತದೆ, ಮೈ ಸುಡುತ್ತದೆ. ಥರ್ಮಾಮೀಟರ್ ಇಟ್ಟರೆ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅಂದರೆ ಹತ್ತಿರ ಹತ್ತಿರ 106 ಫ್ಯಾರನ್‌ಹೀಟ್. ಕಿವಿಯ ತುದಿ, ಹೊಟ್ಟೆಯಡಿ, ಕಾಲುಗಳ ಮೇಲೆ ಕೆಂಪು ನೀಲಿ ಕಲೆ ಏಳಬಹುದು, ಕರಿ ಹಂದಿಯಲ್ಲಿ ಅದು ಕಾಣುವುದೇ ಕಷ್ಟ. ಗಬ್ಬದ ಹಂದಿ ಕಂದು ಹಾಕಬಹುದು. ಒಂದು ಸತ್ತು, ನಾಲ್ಕು ದಿನ ಏನೂ ಆಗದೆ, ಆಮೇಲೆ ಪಕ್ಕದ ಹಂದಿ, ಅದರ ಪಕ್ಕದ್ದು ಹೀಗೆ ಸಾಲಾಗಿ ಹೋಗುತ್ತವೆ. ಆ ನಾಲ್ಕು ದಿನದ ಬಿಡುವಿನಲ್ಲೇ ಜನ ಹಂದಿ ಮಾರಿ ತಪ್ಪು ಮಾಡುವುದು. ಹಳೆಯ ಹಂದಿ ಜ್ವರವೂ ಹೀಗೇ ಕಾಣುವುದರಿಂದ ಕಣ್ಣಲ್ಲಿ ನೋಡಿ ನಾನೂ ಹೇಳಲಾರೆ. ಮಾದರಿ ಲ್ಯಾಬಿಗೆ ಹೋಗಬೇಕು, ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ ಖಚಿತ ಮಾಡುತ್ತದೆ.

ಸತ್ತ ಹಂದಿಯನ್ನು ಏನಾಗಿದೆ ನೋಡೋಣ ಅಂತ ಕೊಯ್ಯಬೇಡಿ. ವೈರಸ್ ಅತಿ ಹೆಚ್ಚು ಇರುವುದು ರಕ್ತದಲ್ಲೇ, ನೆಲಕ್ಕೆ ಬಿದ್ದರೆ ತೊಳೆದು ಮುಗಿಯುವುದಿಲ್ಲ. ಹೊಳೆಗೂ ತೋಟದ ಮೂಲೆಗೂ ಎಸೆಯಬೇಡಿ, ಕಾಡುಹಂದಿ ತಿಂದರೆ ಕಾಡಿಗೂ ಹೋಯಿತು. ಹಾಗೇ ಬಿಟ್ಟು ನಿಮ್ಮ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ತಿಳಿಸುವುದು ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯ ಪ್ರಕಾರ ಕಡ್ಡಾಯವೂ ಹೌದು. ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನು ಕೊಂದು ಹೂಳುತ್ತಾರೆ, 10 ಕಿಲೋಮೀಟರ್ ತನಕ ನಿಗಾ ಇಡುತ್ತಾರೆ. ಇದೇ ಭಯಕ್ಕೆ ಜನ ಮುಚ್ಚಿಡುತ್ತಾರೆ. ಆದರೆ ಪರಿಹಾರ ಇರುವುದು ಸರ್ಕಾರ ಕೊಲ್ಲಿಸಿದ ಹಂದಿಗೆ, ತಾನಾಗಿ ಸತ್ತದ್ದಕ್ಕಲ್ಲ. ಮೊದಲ ಹಂದಿ ಸತ್ತಾಗಲೇ ಹೇಳಿದವರ ಪಟ್ಟಿಯಲ್ಲಿ ಉಳಿದ 24 ಇರಬಹುದು. ಮೂರು ವಾರ ಕಾದವರ ಪಟ್ಟಿಯಲ್ಲಿ ಎಷ್ಟು ಉಳಿದಿರುತ್ತವೆ ಅಂತ ನೀವೇ ಲೆಕ್ಕ ಹಾಕಿ.